ಹಂತದ ದರ, ತಂಡದ ಗುರಿ: ತಿಂಗಳ ಕಮಿಷನ್ ಲೆಕ್ಕ ಹಾಕುವ ಬಗೆ

ಫೆಬ್ರುವರಿ ಬಂತೆಂದರೆ ಕೊಡಗಿನ ರೊಬಸ್ಟಾ ತೋಟಗಳಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ನೀರು ಹಾಯಿಸುವ ಕೆಲಸ ಶುರುವಾಗುತ್ತದೆ. ಪಂಪ್‌ಸೆಟ್, ಪೈಪ್, ಜೆಟ್ ಮಾರುವ ಅಂಗಡಿಗಳಿಗೆ ದೊಡ್ಡ ವ್ಯಾಪಾರವಾಗುವುದೂ ಆಗಲೇ. ತೋಟದಿಂದ ತೋಟಕ್ಕೆ ಓಡಾಡಿ ಆರ್ಡರ್ ತರುವ ಮಾರಾಟ ಪ್ರತಿನಿಧಿ ಆ ತಿಂಗಳ ಕಮಿಷನ್ ಎಷ್ಟಾಗಬಹುದೆಂದು ಮನಸ್ಸಿನಲ್ಲೇ ಎಣಿಸಿರುತ್ತಾರೆ; ಮಾರ್ಚ್ ಮೊದಲ ವಾರ ಕೈಗೆ ಬರುವ ಇನ್ಸೆಂಟಿವ್ ಪಟ್ಟಿಯಲ್ಲಿ ಬೇರೆಯೇ ಮೊತ್ತವಿರುತ್ತದೆ. ನಾನು ನೋಡಿರುವ ಇಂತಹ ಹೆಚ್ಚಿನ ತಕರಾರುಗಳಲ್ಲಿ ಇಬ್ಬರ ಕೂಡುವ, ಕಳೆಯುವ ಲೆಕ್ಕವೂ ಸರಿಯಾಗಿಯೇ ಇತ್ತು. ಸ್ಲ್ಯಾಬ್ ದರವನ್ನು ಒಬ್ಬೊಬ್ಬರು ಒಂದೊಂದು ರೀತಿ ಓದಿಕೊಂಡಿದ್ದರು, ಅಷ್ಟೆ.

ಗೋಣಿಕೊಪ್ಪದಲ್ಲಿ ನಾಲ್ವರು ಮಾರಾಟ ಪ್ರತಿನಿಧಿಗಳಿರುವ ಒಂದು ಅಂಗಡಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಅಲ್ಲಿ ತಿಂಗಳ ಮಾರಾಟದಲ್ಲಿ ರೂ 2 ಲಕ್ಷದವರೆಗೆ ಶೇ 1, ರೂ 2 ಲಕ್ಷದಿಂದ 5 ಲಕ್ಷದವರೆಗೆ ಶೇ 2, ಅದರ ಮೇಲೆ ಶೇ 3 ಕಮಿಷನ್. ಇಡೀ ತಂಡದ ಗುರಿ ರೂ 20 ಲಕ್ಷ.

ಮೊದಲು ನಿವ್ವಳ ಮಾರಾಟವನ್ನು ನಿಗದಿಪಡಿಸಬೇಕು. ಬಿಲ್ಲಿನ ಕೊನೆಯ ಸಾಲಿನ ಮೊತ್ತದಲ್ಲಿ ಜಿಎಸ್‌ಟಿ ಸೇರಿರುತ್ತದೆ. ಅದು ಸರ್ಕಾರಕ್ಕೆ ಕಟ್ಟುವ ಹಣವಾದ್ದರಿಂದ ತೆರಿಗೆ ಸೇರಿಸುವ ಮುಂಚಿನ ಮೌಲ್ಯವನ್ನಷ್ಟೇ ಹಿಡಿಯುವುದು ವಾಡಿಕೆ. ಅದರಲ್ಲಿ ವಾಪಸು ಬಂದ ಸರಕಿನ ಕ್ರೆಡಿಟ್ ನೋಟ್‌ಗಳನ್ನು ಕಳೆಯಬೇಕು. ನಮ್ಮ ಪ್ರತಿನಿಧಿಯ ಫೆಬ್ರುವರಿ ಬಿಲ್ಲುಗಳ ತೆರಿಗೆರಹಿತ ಮೌಲ್ಯ ರೂ 6,80,000, ವಾಪಸು ಬಂದದ್ದು ರೂ 40,000 ಎಂದಾದರೆ ನಿವ್ವಳ ಮಾರಾಟ ರೂ 6,40,000.

ಎರಡನೆಯದಾಗಿ ಸ್ಲ್ಯಾಬ್ ದರ ಹಾಕಬೇಕು; ಮನಸ್ತಾಪ ಹುಟ್ಟುವುದೇ ಇಲ್ಲಿ. ಒಂದು ಪದ್ಧತಿಯಲ್ಲಿ ಪ್ರತಿ ಹಂತದೊಳಗೆ ಬೀಳುವ ಭಾಗಕ್ಕೆ ಮಾತ್ರ ಆ ಹಂತದ ದರ ಸಿಗುತ್ತದೆ, ಆದಾಯ ತೆರಿಗೆಯ ಹಂತಗಳ ಹಾಗೆಯೇ. ಮೊದಲ 2 ಲಕ್ಷಕ್ಕೆ ರೂ 2,000, ಮುಂದಿನ 3 ಲಕ್ಷಕ್ಕೆ ರೂ 6,000, ಉಳಿದ 1,40,000ಕ್ಕೆ ರೂ 4,200, ಒಟ್ಟು ರೂ 12,200. ಇನ್ನೊಂದು ಪದ್ಧತಿಯಲ್ಲಿ ಮಾರಾಟ ಯಾವ ಹಂತವನ್ನು ಮುಟ್ಟಿತೋ ಆ ಹಂತದ ದರ ಮೊದಲ ರೂಪಾಯಿಯಿಂದಲೇ ಅನ್ವಯಿಸುತ್ತದೆ. ಆಗ 6,40,000ಕ್ಕೆ ಶೇ 3ರಂತೆ ರೂ 19,200. ಒಂದೇ ದರಪಟ್ಟಿಯನ್ನು ಎರಡು ಬಗೆಯಲ್ಲಿ ಓದಿದ್ದಕ್ಕೆ ರೂ 7,000 ವ್ಯತ್ಯಾಸ ಬರುತ್ತದೆ. ‘5 ಲಕ್ಷ ದಾಟಿದರೆ ಶೇ 3’ ಎಂದಷ್ಟೇ ನೇಮಕಾತಿ ಪತ್ರದಲ್ಲಿ ಬರೆದಿದ್ದರೆ ಎರಡೂ ಅರ್ಥಕ್ಕೆ ಅವಕಾಶವಿರುವುದರಿಂದ, ‘5 ಲಕ್ಷದ ಮೇಲಿನ ಭಾಗಕ್ಕೆ ಮಾತ್ರ’ ಅಥವಾ ‘ಪೂರ್ತಿ ಮಾರಾಟಕ್ಕೆ’ ಎಂಬ ಮಾತನ್ನು ಕೆಲಸಕ್ಕೆ ಸೇರುವಾಗಲೇ ಬರೆಸಿಕೊಳ್ಳಬೇಕು.

ನನಗೆ ಮೊದಲ ಪದ್ಧತಿಯೇ ಸರಿ ಎನಿಸುತ್ತದೆ. ಎರಡನೆಯದರಲ್ಲಿ ರೂ 4,99,000 ಮಾರಿದವರಿಗೆ ಶೇ 2ರಂತೆ ರೂ 9,980 ಸಿಕ್ಕರೆ, ರೂ 5,01,000 ಮಾರಿದವರಿಗೆ ರೂ 15,030 ಸಿಗುತ್ತದೆ. ಎರಡು ಸಾವಿರದ ಹೆಚ್ಚಿನ ಮಾರಾಟಕ್ಕೆ ಐದು ಸಾವಿರಕ್ಕೂ ಮಿಕ್ಕಿದ ಕಮಿಷನ್. ಹೀಗಿರುವಾಗ ತಿಂಗಳ ಕೊನೆಯ ದಿನ ಬೇಕಿಲ್ಲದ ಪೈಪಿಗೂ ಬಿಲ್ ಮಾಡಿಸಿ, ಮರುವಾರ ಅದನ್ನು ವಾಪಸು ತರಿಸುವ ಆಸೆ ಯಾರಿಗಾದರೂ ಬಂದೀತು. ಭಾಗಕ್ಕೆ ಮಾತ್ರ ದರ ಕೊಡುವ ಪದ್ಧತಿಯಲ್ಲಿ ಅದೇ ಎರಡು ಸಾವಿರಕ್ಕೆ ಹೆಚ್ಚುವುದು ಕೇವಲ ರೂ 50. ಅಂಗಡಿಯಲ್ಲಿ ಯಾವ ಪದ್ಧತಿ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಹಳೆಯ ಪಟ್ಟಿಯೊಂದನ್ನು ತೆಗೆದು, ತಂಡದ ಶೇಕಡಾ ಸೇರಿಸುವ ಮುಂಚಿನ ಕಮಿಷನ್ನನ್ನು ನಿವ್ವಳ ಮಾರಾಟದಿಂದ ಭಾಗಿಸಿ ನೋಡಿ. ಮಾರಾಟ 2 ಲಕ್ಷ ದಾಟಿ 5 ಲಕ್ಷದೊಳಗಿದ್ದ ತಿಂಗಳಲ್ಲಿ ಉತ್ತರ ಸರಿಯಾಗಿ ಶೇ 2, ಅಥವಾ 5 ಲಕ್ಷ ದಾಟಿದ ತಿಂಗಳಲ್ಲಿ ಶೇ 3 ಬಂದರೆ ಪೂರ್ತಿ ಮಾರಾಟಕ್ಕೆ ದರ ಹಾಕಿದ್ದಾರೆ. ನಮ್ಮ ಉದಾಹರಣೆಯಲ್ಲಿ ಬರುವ ಶೇ 1.9ರಂತೆ ನಡುವಿನ ಸಂಖ್ಯೆ ಬಂದರೆ ಭಾಗ ಭಾಗವಾಗಿ ಹಾಕಿದ್ದಾರೆ.

ಮೂರನೆಯದು ತಂಡದ ಗುರಿ. ಈ ಅಂಗಡಿಯ ನಿಯಮದಂತೆ ತಂಡದ ಸಾಧನೆ ಶೇ 80ಕ್ಕಿಂತ ಕಡಿಮೆಯಾದರೆ ವೈಯಕ್ತಿಕ ಕಮಿಷನ್‌ನ ಅರ್ಧ, 80ರಿಂದ 100ರೊಳಗಿದ್ದರೆ ಸಾಧನೆಯಷ್ಟೇ ಶೇಕಡಾ, 100 ಮುಟ್ಟಿದರೆ ಪೂರ್ತಿ, 110 ಮುಟ್ಟಿದರೆ ಶೇ 10 ಹೆಚ್ಚು. ನಾಲ್ವರ ಬಿಲ್ಲುಗಳು ಸೇರಿ ರೂ 19,60,000, ವಾಪಸು ರೂ 1,20,000, ಹಾಗಾಗಿ ನಿವ್ವಳ ರೂ 18,40,000. ಇದು ಗುರಿಯ ಶೇ 92. ಆದ್ದರಿಂದ ನಮ್ಮ ಪ್ರತಿನಿಧಿಗೆ 12,200ರ ಶೇ 92, ಅಂದರೆ ರೂ 11,224 ಸಲ್ಲಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ವೈಯಕ್ತಿಕ ಮಾರಾಟದಲ್ಲಿ ವಾಪಸು ಕಳೆದು, ತಂಡದ ಮಾರಾಟದಲ್ಲಿ ಕಳೆಯದೆ ಬಿಡುವುದು. ಹಾಗೆ ಮಾಡಿದರೆ ತಂಡದ ಸಾಧನೆ ಶೇ 98 ಎಂದಾಗಿ ರೂ 732 ಹೆಚ್ಚು ಪಾವತಿಯಾಗುತ್ತದೆ. ನಾಲ್ವರ ಪಟ್ಟಿಗಳ ನಿವ್ವಳ ಮಾರಾಟವನ್ನು ಕೂಡಿದರೆ ತಂಡದ ಮೊತ್ತಕ್ಕೆ ಸರಿಹೋಗಬೇಕು. ಸರಿಹೋಗದಿದ್ದರೆ ಮೊದಲು ಕ್ರೆಡಿಟ್ ನೋಟ್‌ಗಳನ್ನು ಹುಡುಕಬೇಕು.

ಕಂಪ್ಯೂಟರ್ ಹಾಳೆಯಲ್ಲಿ B2 ಕೋಶಕ್ಕೆ ವೈಯಕ್ತಿಕ ನಿವ್ವಳ ಮಾರಾಟವನ್ನೂ E2 ಕೋಶಕ್ಕೆ ತಂಡದ ಸಾಧನೆಯ ಶೇಕಡಾವನ್ನೂ ಹಾಕಿಕೊಂಡರೆ ಎರಡು ಸೂತ್ರ ಸಾಕು. ಮೊದಲನೆಯದನ್ನು C2ರಲ್ಲಿ, ಎರಡನೆಯದನ್ನು D2ರಲ್ಲಿ ಬರೆಯಬೇಕು.

```
=IF(E2<80%,50%,IF(E2<100%,E2,IF(E2<110%,100%,110%)))
=ROUND((MIN(B2,200000)*1%+MAX(0,MIN(B2,500000)-200000)*2%+MAX(0,B2-500000)*3%)*C2,0)
```

ಶೇಕಡಾ ಕೋಶವನ್ನು ದಶಮಾಂಶವಿಲ್ಲದೆ ತೋರಿಸುವಂತೆ ಇಟ್ಟಿದ್ದರೆ ರೂ 19,92,000ದ ಸಾಧನೆ ತೆರೆಯ ಮೇಲೆ 100% ಎಂದು ಕಾಣುತ್ತದೆ, ಆದರೆ ಸೂತ್ರ 99.6ರಂತೆಯೇ ಗುಣಿಸುತ್ತದೆ. ಗುರಿ ಮುಟ್ಟಿಯೂ ಹಣ ಕಡಿತವಾಯಿತೆಂದು ಪ್ರತಿನಿಧಿ ನೊಂದುಕೊಳ್ಳುವುದು ಆಗಲೇ. ಎರಡು ದಶಮಾಂಶ ಕಾಣುವಂತೆ ಇಡುವುದು ಒಳ್ಳೆಯದು.

ಕಮಿಷನ್ ಕೊಟ್ಟಾದ ಮೇಲೆ ಬರುವ ವಾಪಸಿನ ಲೆಕ್ಕ ಇನ್ನೂ ಸೂಕ್ಷ್ಮ. ಮಾರ್ಚ್‌ನಲ್ಲಿ ಒಳ್ಳೆಯ ಹೂಮಳೆ ಸುರಿಯಿತು, ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ಪೆಟ್ಟಿಗೆಯನ್ನೇ ಬಿಚ್ಚದ ರೂ 30,000ದ ಪಂಪನ್ನು ಅಂಗಡಿಗೆ ಹಿಂದಿರುಗಿಸಿದರು ಎಂದುಕೊಳ್ಳಿ. ಮಳೆ ಬಂದ ಕಾರಣ ಪ್ರತಿನಿಧಿಯ ಮಾರ್ಚ್ ಮಾರಾಟ ರೂ 1,70,000 ಮಾತ್ರ. ವಾಪಸನ್ನು ಮಾರ್ಚ್ ಮಾರಾಟದಿಂದ ಕಳೆದರೆ ಶೇ 1ರ ಹಂತದಲ್ಲಿ ರೂ 300 ಮಾತ್ರ ಕಡಿತವಾಗುತ್ತದೆ. ಆದರೆ ಅದೇ ಪಂಪಿಗೆ ಫೆಬ್ರುವರಿಯಲ್ಲಿ ಶೇ 3ರಂತೆ ರೂ 900 ಲೆಕ್ಕ ಹಾಕಿ, ತಂಡದ ಶೇ 92ರಂತೆ ರೂ 828 ಕೊಟ್ಟಾಗಿದೆ. ಜನವರಿಯ ಮಂದ ವ್ಯಾಪಾರದ ಸರಕು ಫೆಬ್ರುವರಿಯಲ್ಲಿ ವಾಪಸು ಬಂದರೆ ನಷ್ಟ ಪ್ರತಿನಿಧಿಯದಾಗುತ್ತದೆ. ಅದಕ್ಕಾಗಿ ಬಿಲ್ಲಿನ ತಿಂಗಳ ಹಂತವನ್ನೇ ಮತ್ತೆ ಲೆಕ್ಕ ಹಾಕಿ ವ್ಯತ್ಯಾಸವನ್ನಷ್ಟೇ ಹಿಡಿಯುವುದು ಇಬ್ಬರಿಗೂ ನ್ಯಾಯ. ಆದರೆ ಒಬ್ಬರ ವಾಪಸಿಗಾಗಿ ಮುಗಿದ ತಿಂಗಳ ತಂಡದ ಶೇಕಡಾವನ್ನು ಕೆದಕಬಾರದು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಉಳಿದ ಮೂವರ ಪಟ್ಟಿಗಳನ್ನೂ ಮತ್ತೆ ಬರೆಯಬೇಕಾಗುತ್ತದೆ.

ಪ್ರತಿನಿಧಿ ಸಂಬಳದ ನೌಕರರಾಗಿದ್ದರೆ ಕಮಿಷನ್ನೂ ಸಂಬಳದ ಆದಾಯವೇ ಆಗುವುದರಿಂದ ತೆರಿಗೆ ಕಡಿತಕ್ಕೆ ಎರಡನ್ನೂ ಕೂಡಿಯೇ ಲೆಕ್ಕ ಹಾಕಬೇಕು. ಪಂಪಿನ ಕಡಿತವನ್ನು ಮಾರ್ಚ್ ಪಟ್ಟಿಯ ಮಾರಾಟದ ಅಂಕಿಯೊಳಗೆ ಅಡಗಿಸದೆ, ‘ಫೆಬ್ರುವರಿ ಬಿಲ್, ಪಂಪ್ ವಾಪಸು, ರೂ 30,000ಕ್ಕೆ ಶೇ 3, ತಂಡ ಶೇ 92, ಕಡಿತ ರೂ 828’ ಎಂದು ಬಿಲ್ ಸಂಖ್ಯೆಯೊಡನೆ ಪ್ರತ್ಯೇಕ ಸಾಲಿನಲ್ಲಿ ಬರೆಯಬೇಕು.