ಐದು ತಿಂಗಳಿಂದ ಕದಲದ ಮಾಲನ್ನು ಸದ್ದಿಲ್ಲದೆ ಖಾಲಿ ಮಾಡುವುದು ಹೇಗೆ?

ತುಮಕೂರಿನ ಎಂ.ಜಿ. ರಸ್ತೆಯ ಸಿದ್ಧ ಉಡುಪಿನ ಅಂಗಡಿಯೊಂದರಲ್ಲಿ, ಗೌರಿ-ಗಣೇಶ ಹಬ್ಬಕ್ಕೆಂದು ತಂದ ಅಂಗಿಗಳಲ್ಲಿ ಸಂಕ್ರಾಂತಿ ಕಳೆದರೂ 120 ಉಳಿದಿವೆ ಎಂದಿಟ್ಟುಕೊಳ್ಳೋಣ. ತೆರಿಗೆ ಬಿಟ್ಟು ಒಂದರ ಅಸಲು 400 ರೂಪಾಯಿ, ಮಾರುವ ಬೆಲೆ 500. ಅಂದರೆ 48,000 ರೂಪಾಯಿ ಅಟ್ಟದ ಮೇಲೆ ಕುಳಿತಿದೆ. ‘ಅಸಲಾದರೂ ಬರಲಿ’ ಎಂದು ಕಾಯುವುದು ವ್ಯಾಪಾರಿಗಳಿಗೆ ಸಹಜ. ಆದರೆ ಹೆಚ್ಚು ನಷ್ಟವಾಗುವುದು ಆ ಕಾಯುವಿಕೆಯಲ್ಲೇ.

ಆದ್ದರಿಂದ ಮೊದಲು ಈ ಲೆಕ್ಕ ಹಾಕಬೇಕು. ಅದೇ ಅಂಗಡಿಯಲ್ಲಿ ಚೆನ್ನಾಗಿ ಓಡುವ ಮಾಲು ಎರಡು ತಿಂಗಳಿಗೊಮ್ಮೆ ತಿರುಗಿ, ಹಾಕಿದ ಹಣದ ಮೇಲೆ ಶೇ 25ರಷ್ಟು ತರುತ್ತದೆ ಎನ್ನಿ. ಹಳೆಯ ಅಂಗಿಗಳನ್ನು ಸರಾಸರಿ 300ಕ್ಕೆ ಬಿಟ್ಟರೆ 36,000 ಕೈಗೆ ಬರುತ್ತದೆ. ಅದನ್ನು ಓಡುವ ಮಾಲಿಗೆ ಹಾಕಿದರೆ ಎರಡು ತಿಂಗಳಿಗೆ 45,000, ಬಂದದ್ದನ್ನೆಲ್ಲ ಮತ್ತೆ ಮಾಲಿಗೇ ಹಾಕಿದರೆ ನಾಲ್ಕು ತಿಂಗಳಿಗೆ 56,250 ಆಗುತ್ತದೆ. ಅದೇ ನಾಲ್ಕು ತಿಂಗಳು ಕಾದು ಅಸಲಿಗೇ ಮಾರಿದರೂ ಸಿಗುವುದು 48,000 ಮಾತ್ರ. ಬಿಡಿಸಿಕೊಂಡ ಹಣ ಮನೆಖರ್ಚಿಗೋ ಹಳೆಯ ಬಾಕಿಗೋ ಹೋದರೆ ಈ ಲೆಕ್ಕ ನಿಲ್ಲುವುದಿಲ್ಲ; ಹಾಗಾಗಿ ಅದನ್ನು ದಿನದ ಗಲ್ಲಾಕ್ಕೆ ಸೇರಿಸದೆ ಬೇರೆಯೇ ಇಡಿ.

ಎರಡನೆಯ ಕೆಲಸ, ಮಾಲನ್ನು ಅಟ್ಟದಿಂದ ಇಳಿಸಿ ಒಂದೊಂದನ್ನೂ ಬಿಚ್ಚಿ ನೋಡುವುದು. ಮಾರಾಟವಾಗದಿರುವುದಕ್ಕೆ ಎಲ್ಲಕ್ಕೂ ಒಂದೇ ಕಾರಣ ಇರುವುದಿಲ್ಲ. ನಮ್ಮ 120ರಲ್ಲಿ 40, 42ರ ಅಳತೆಗಳು ಹೋಗಿ, ಬರೀ 38 ಮತ್ತು 44 ಉಳಿದ ಕಟ್ ಸೈಜ್ ಮಾಲು 70; ಬಣ್ಣ ಹಿಡಿಸದೆ ಸೆಟ್ ಒಡೆಯದೆಯೇ ನಿಂತವು 35; ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದವು, ಕಾಲರ್ ಹಳದಿಯಾದವು 15.

ಸೆಟ್ ಒಡೆಯದ 35ನ್ನು ಮೊದಲು ಮಾಲು ಕೊಟ್ಟ ಸಗಟು ವ್ಯಾಪಾರಿಗೇ ಕೇಳಿ. ಬೇರೆ ಊರಿನಲ್ಲಿ ಆ ಬಣ್ಣ ಓಡುತ್ತಿದ್ದರೆ, 380ರಂತೆ ಕ್ರೆಡಿಟ್ ನೋಟ್ ಕೊಟ್ಟು ಹಿಂದಕ್ಕೆ ಪಡೆಯಲು ಅವರು ಒಪ್ಪಬಹುದು. ಬಿಲ್ ಆದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದು ರಿಟರ್ನ್‌ನಲ್ಲಿ ಸೇರಿದರೆ ಮಾತ್ರ ಅವರಿಗೆ ಜಿಎಸ್‌ಟಿ ಇಳಿಯುತ್ತದೆ, ಆದ್ದರಿಂದ ತಡಮಾಡಬಾರದು. ಇಲ್ಲಿ ಎಡವುವ ಜಾಗ ಒಂದಿದೆ: ‘ಹಿಂದಕ್ಕೆ ತಗೋತೀವಿ, ಆದರೆ ಎರಡರಷ್ಟು ಹೊಸ ಮಾಲು ಎತ್ತಿ’ ಎಂಬ ಷರತ್ತಿಗೆ ಒಪ್ಪಿದರೆ, 13,300ರ ಹಳೆಯ ಮಾಲಿನ ಜಾಗದಲ್ಲಿ 26,600ರ ಹೊಸದು ಕೂರುತ್ತದೆ. ಕ್ರೆಡಿಟ್ ನೋಟ್‌ನಷ್ಟೇ, ಅದೂ ಓಡುವ ಅಳತೆಗಳನ್ನೇ ಎತ್ತಿ.

ಕಟ್ ಸೈಜ್ ಮಾಲಿಗೆ ಬಾಗಿಲಲ್ಲಿ ರಿಯಾಯಿತಿಯ ದೊಡ್ಡ ಬ್ಯಾನರ್ ಕಟ್ಟಬೇಡಿ. ಕಳೆದ ವಾರ 500 ಕೊಟ್ಟು ಒಯ್ದವರು ಅದೇ ಅಂಗಿಗೆ 340 ಎಂದು ಕಂಡರೆ, ಮುಂದಿನ ಹಬ್ಬಕ್ಕೆ ಬೆಲೆ ಇಳಿಯುವವರೆಗೆ ಅಂಗಡಿಗೆ ಬರುವುದಿಲ್ಲ. ಒಳಭಾಗದಲ್ಲಿ ಒಂದು ಮೇಜು ಹಾಕಿ, ‘38 ಮತ್ತು 44ರ ಅಳತೆ ಮಾತ್ರ’ ಎಂದು ಬರೆದಿಡಿ. ಕಾರಣ ಕಣ್ಣಿಗೆ ಕಾಣುವುದರಿಂದ, ಇಡೀ ಅಂಗಡಿಯ ಬೆಲೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಫೋನು: ‘ಅಣ್ಣಾ, ನಿಮ್ಮದು 44 ಅಲ್ವಾ? ಆ ಅಳತೆ ನಾಲ್ಕು ಉಳಿದಿವೆ, ಕಡಿಮೆಗೆ ಕೊಡ್ತೀನಿ, ಬನ್ನಿ.’ ದಪ್ಪ ಮೈಯವರಿಗೆ ಅಳತೆ ಸಿಗುವುದೇ ಕಷ್ಟವಾದ್ದರಿಂದ ಈ ಕರೆಯನ್ನು ಅವರು ಉಪಕಾರವೆಂದೇ ತಿಳಿಯುತ್ತಾರೆ. ಹತ್ತು ದಿನಕ್ಕೆ ಮೇಜು ತೆಗೆಯಿರಿ. ಆ ದಿನಗಳಲ್ಲಿ ಹೊಸ ಅಂಗಿಗಳ ಮಾರಾಟವನ್ನು ಹಿಂದಿನ ವಾರದ ಅದೇ ದಿನಗಳೊಂದಿಗೆ ಹೋಲಿಸುತ್ತಿರಬೇಕು. ಅದು ಇಳಿಯುತ್ತಿದ್ದರೆ ಹಳೆಯದು ಹೊಸದರ ಗಿರಾಕಿಯನ್ನೇ ತಿನ್ನುತ್ತಿದೆ ಎಂದರ್ಥ, ಮೇಜನ್ನು ಅಂದೇ ಎತ್ತಿಬಿಡಿ.

ಹೀಗೆ 340ರಂತೆ 55 ಹೋಗಿ 15 ಉಳಿದವು ಎನ್ನೋಣ. ಅವನ್ನು ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯಲ್ಲಿ ಅಂಗಡಿ ಹಾಕುವವರಿಗೆ, ನಿಮ್ಮ ಅಂಗಡಿಯ ಚೀಟಿ ಕಿತ್ತು, 200ರಂತೆ ಲಾಟ್ ಆಗಿ ಕೊಡಿ. ನಗದಿಗೆ ಮಾತ್ರ ಕೊಡಿ. ಲಾಟ್ ಮಾಲನ್ನು ಉದ್ರಿ ಕೊಟ್ಟರೆ ಅಟ್ಟದ ಮೇಲಿದ್ದ ಹಣ ಬಾಕಿ ಪುಸ್ತಕಕ್ಕೆ ವರ್ಗವಾಗುತ್ತದೆ, ಅಷ್ಟೇ.

ಮಾಸಿದ 15ನ್ನು ಮಾರಬೇಡಿ, ದಾನ ಕೊಡಿ. ಆದರೆ ಪುಕ್ಕಟೆ ಕೊಟ್ಟ ಅಥವಾ ಎಸೆದ ಮಾಲಿನ ಖರೀದಿಯ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಅಸಲಿಗಿಂತ ಕಡಿಮೆಗೆ ಮಾರಿದ ಮಾಲಿಗೆ ಈ ನಿಯಮವಿಲ್ಲ, ಮಾರಿದ ಬೆಲೆಯ ಮೇಲೆ ತೆರಿಗೆ ಕಟ್ಟಿದರೆ ಸಾಕು. ಹಾಗಾಗಿ ಎಷ್ಟು ಅಂಗಿ, ಯಾವ ಬಿಲ್ಲಿನದು ಎಂದು ಬರೆದು ಲೆಕ್ಕಪತ್ರ ನೋಡುವವರಿಗೆ ಕೊಡಿ.

ಕೊನೆಗೆ ಮೇಜಿನಿಂದ 18,700, ಲಾಟ್‌ನಿಂದ 3,000 ಸೇರಿ ಕೈಗೆ 21,700 ನಗದು, ಜೊತೆಗೆ 13,300ರ ಕ್ರೆಡಿಟ್ ನೋಟ್. ಒಟ್ಟು 35,000, ಹಿಂದಿರುಗಿಸಿದ ತೆರಿಗೆ ಬಿಟ್ಟು ನಷ್ಟ 13,000. ಈ ನಷ್ಟವನ್ನು ಮೂಲ ಖರೀದಿ ಬಿಲ್ಲಿನ ಹಿಂದೆಯೇ, ಉಳಿದ ಅಳತೆಗಳ ಸಂಖ್ಯೆಯೊಂದಿಗೆ ಬರೆದಿಡಿ. ಮುಂದಿನ ಗೌರಿ ಹಬ್ಬದ ಮಾಲಿಗೆ ಸಗಟು ವ್ಯಾಪಾರಿಯ ಎದುರು ಕುಳಿತಾಗ, 38 ಮತ್ತು 44 ಎಷ್ಟು ಬೇಕೆಂದು ಆ ಬಿಲ್ಲನ್ನು ನೋಡಿಯೇ ಹೇಳಬಹುದು.