ಮೂರು ಗಂಟಿನ ವಾಲ್ವ್

ನಮ್ಮ ಅಪಾರ್ಟ್‌ಮೆಂಟಿನ ಕೇರ್‌ಟೇಕರ್ 22 ವರ್ಷ ದುಡಿದು ನಿವೃತ್ತರಾದರು. ನಿವಾಸಿಗಳ ಸಂಘದ ಅಧ್ಯಕ್ಷನಾದ ನಾನೇ ಬೀಳ್ಕೊಡುಗೆ ಭಾಷಣ ಮಾಡಬೇಕಿತ್ತು. ರಾತ್ರಿ ಕೂತು ಎರಡು ಪುಟ ಬರೆದೆ. ಪ್ರಾಮಾಣಿಕರು, ಶ್ರಮಜೀವಿ, ಸದಾ ನಗುಮುಖ. ಬೆಳಿಗ್ಗೆ ಹೆಂಡತಿಗೆ ಓದಿ ಹೇಳಿದೆ. "ಚೆನ್ನಾಗಿದೆ. ಆದ್ರೆ ಇದರಲ್ಲಿ ಅವರೆಲ್ಲಿ?" ಎಂದಳು. ನಿಜ, ಹೆಸರು ಬದಲಿಸಿದರೆ ಅದನ್ನು ಯಾರಿಗೆ ಬೇಕಾದರೂ ಓದಬಹುದಿತ್ತು.

ಆ ಹಾಳೆ ಬಿಟ್ಟೆ. ಮನೆಮನೆಗೆ ಹೋಗಿ ಕೇಳತೊಡಗಿದೆ. "ಅವರ ಬಗ್ಗೆ ಹೇಳಿ" ಅಂದರೆ ಎಲ್ಲರದ್ದೂ ಒಂದೇ ಉತ್ತರ, "ತುಂಬಾ ಒಳ್ಳೆಯವರು". ಹಾಗಾಗಿ ಪ್ರಶ್ನೆ ಬದಲಿಸಿದೆ: "ಅವರು ಇಲ್ಲದೇ ಹೋಗಿದ್ದರೆ ಯಾವ ದಿನ ನಿಮಗೆ ಕಷ್ಟ ಆಗ್ತಿತ್ತು?" ಆಗ ಘಟನೆಗಳು ಬಂದವು. ಮೂರನೇ ಮಹಡಿಯ ಅಜ್ಜಿ ಒಂದು ರಾತ್ರಿಯ ಕಥೆ ಹೇಳಿದರು. ಬಚ್ಚಲಿನ ಪೈಪ್ ಒಡೆದು ನೀರು ಹಾಲ್‌ವರೆಗೆ ಬಂದಿತ್ತು, ಕರೆಂಟೂ ಇರಲಿಲ್ಲ. ಇವರು ತಾರಸಿಗೆ ಓಡಿ, ಅಜ್ಜಿಯ ಮನೆ ಕಡೆಯ ಲೈನ್ ಮಾತ್ರ ನಿಲ್ಲಿಸಿ ಬಂದರಂತೆ.

ಕತ್ತಲಲ್ಲಿ ಹೇಗೆ ಗೊತ್ತಾಯಿತು? ತಾರಸಿ ಹತ್ತಿ ನೋಡಿದೆ. ಟ್ಯಾಂಕಿನ ಕೆಳಗೆ ಆರು ವಾಲ್ವ್. ಒಂದೊಂದಕ್ಕೂ ಹಳೆ ಬಟ್ಟೆಯ ಪಟ್ಟಿ ಕಟ್ಟಿತ್ತು. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಆರರ ತನಕ. "ಬಣ್ಣ ಬಳಿದ್ರೆ ಕತ್ತಲಲ್ಲಿ ಕಾಣಲ್ಲ ಸಾರ್. ಗಂಟು ಕೈಗೆ ಸಿಗುತ್ತೆ" ಎಂದರು ಕೇರ್‌ಟೇಕರ್. ನಾನು ಇಷ್ಟು ವರ್ಷ ಇಲ್ಲೇ ಇದ್ದರೂ ಅದನ್ನು ನೋಡಿರಲಿಲ್ಲ. ಭಾಷಣಕ್ಕೆ ಅದೇ ನಡುಗಂಬವಾಯಿತು.

ಬರೆದದ್ದನ್ನು ಮೊದಲು ಅವರಿಗೇ ಹೇಳಿದೆ. ಅವರ ಹೆಂಡತಿಯ ಕಾಯಿಲೆಯ ಸಮಯದಲ್ಲೂ ರಜೆ ಹಾಕದೆ ಬಂದದ್ದನ್ನು ಸೇರಿಸಿದ್ದೆ. "ಅದು ಬೇಡ ಸಾರ್" ಎಂದರು. ತೆಗೆದೆ. ನಾವು ಹೊಗಳಿಕೆ ಅಂದುಕೊಂಡದ್ದು ಅವರ ಮನೆಯವರಿಗೆ ನೋವು. ಈ ಒಂದು ಮಾತು ಕೇಳದೇ ಇದ್ದಿದ್ದರೆ ಅಷ್ಟು ಜನರ ಮುಂದೆ ಆ ತಾಯಿಯನ್ನು ತಲೆ ತಗ್ಗಿಸುವಂತೆ ಮಾಡಿರುತ್ತಿದ್ದೆ. ಕೊಡುವ ಹಣದ ಮೊತ್ತವನ್ನೂ ಮೈಕಿನಲ್ಲಿ ಹೇಳಲಿಲ್ಲ. ಬಾಕಿ ಲೆಕ್ಕ ಹಿಂದಿನ ದಿನವೇ ಚುಕ್ತಾ ಮಾಡಿದ್ದೆವು.

ನಮ್ಮ ಪ್ರತಿ ಸಭೆಯಲ್ಲೂ ಅವರು ಬಾಗಿಲ ಹತ್ತಿರ ನಿಂತೇ ಇರುತ್ತಿದ್ದರು. ಆ ದಿನ ಗಂಡ ಹೆಂಡತಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಜನರ ಕಡೆಗಲ್ಲ, ಅವರ ಕಡೆ ತಿರುಗಿ ಮಾತಾಡಿದೆ. ಗಡಿಯಾರ ಇಟ್ಟುಕೊಂಡು ಓದಿ ನೋಡಿದ್ದರಿಂದ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಗಂಟಿನ ಮಾತು ಬಂದಾಗ ಅಜ್ಜಿ ಕಣ್ಣೊರೆಸಿಕೊಂಡರು.

ಆಮೇಲೆ ಮೈಕ್ ಅವರ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ನಂತರ ಹೊಸದಾಗಿ ಬಂದ ಹುಡುಗನನ್ನು ಹುಡುಕಿ ನೋಡಿ ಹೇಳಿದರು: "ಮೂರು ಗಂಟಿಂದು ಸ್ವಲ್ಪ ಬಿಗಿ ಇದೆಯಪ್ಪ. ಜೋರಾಗಿ ತಿರುಗಿಸಬೇಡ, ಮುರಿಯುತ್ತೆ."