ಧ್ವನಿ ಇಲ್ಲದೆಯೂ ಅರ್ಥವಾಗುವ ಸ್ಕ್ರಿಪ್ಟ್: ಕೊಳೆಮದ್ದಿನ ವಿಡಿಯೊವನ್ನು ಮತ್ತೆ ಬರೆದ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗಾಗಿ ಮಾಡುವ ವಿಡಿಯೊಗಳನ್ನು ಹೆಚ್ಚಿನವರು ಧ್ವನಿ ಬಂದ್ ಮಾಡಿಕೊಂಡೇ ನೋಡುತ್ತಾರೆ. ಘಟ್ಟ ಇಳಿಯುವ ಬಸ್ಸಿನಲ್ಲಿ, ಅಡಿಕೆ ವ್ಯಾಪಾರದ ಅಂಗಳದಲ್ಲಿ ಸರದಿ ಕಾಯುವಾಗ, ಮನೆಯವರು ಮಲಗಿದ ಮೇಲೆ. ಹಿನ್ನೆಲೆಯ ಮಾತನ್ನೇ ಅಕ್ಷರ ಮಾಡಿ ಕೆಳಗೆ ಓಡಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಸುಲಭ. ಆದರೆ ಕಿವಿಗೆ ಬರೆದ ವಾಕ್ಯ ಕಣ್ಣಿಗೆ ಹೊಂದುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಎಂಬ ತಾಮ್ರದ ಲವಣವನ್ನೂ ಸುಣ್ಣವನ್ನೂ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಒಂದೂವರೆ ನಿಮಿಷದ ಸ್ಕ್ರಿಪ್ಟನ್ನು ನಾನು ಮತ್ತೆ ಬರೆದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಈ ವಿಷಯದಲ್ಲಿ ಒಂದು ಅದಲುಬದಲಾದರೂ ಮದ್ದು ಕೆಡುತ್ತದೆ. ಹಾಗಾಗಿ ಅಕ್ಷರಗಳು ಎಲ್ಲಿ ಕೈಕೊಡುತ್ತವೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲ ಕೆಲಸ ಕಾಗದದ ಮೇಲೆ. ಹಳೆಯ ಸ್ಕ್ರಿಪ್ಟನ್ನು ಅಗಲ ಅಂಚು ಬಿಟ್ಟು ಪ್ರಿಂಟ್ ತೆಗೆದು, ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದನ್ನು ಚಿತ್ರವೇ ಹೇಳುತ್ತದೆಯೇ? ‘ಕೋಲಿನಿಂದ ಚೆನ್ನಾಗಿ ಕಲಕಬೇಕು’ ಎಂಬುದನ್ನು ಕೋಲು ತಿರುಗುವುದೇ ಹೇಳುತ್ತದೆ, ಅದಕ್ಕೆ ಗೆರೆ ಎಳೆಯುತ್ತೇನೆ. ‘ನಮಸ್ಕಾರ, ಅಡಿಕೆ ಬೆಳೆಗಾರ ಬಂಧುಗಳೇ, ಮಳೆಗಾಲ ಹತ್ತಿರ ಬರುತ್ತಿದ್ದಂತೆ’ ಎಂಬ ಪೀಠಿಕೆಗೂ ಗೆರೆ. ಉಳಿಯುವುದು ಚಿತ್ರಕ್ಕೆ ಹೇಳಲು ಬಾರದ ಸಂಗತಿಗಳು: ಅಳತೆ, ಯಾವುದು ಮೊದಲು ಯಾವುದು ನಂತರ ಎಂಬ ಕ್ರಮ, ಸಮಯ, ಬೇಡ ಎನ್ನುವ ಮಾತು, ಕಾರಣ. ಪರದೆಯ ಅಕ್ಷರಗಳು ಇವಕ್ಕೆ ಮಾತ್ರ. ಇದೇ ಹೊತ್ತಿಗೆ ‘ಇದನ್ನು’, ‘ಅದಕ್ಕೆ’, ‘ಹೀಗೆ’ ಎಂಬ ಪದಗಳಿಗೆಲ್ಲ ಗುರುತು ಹಾಕುತ್ತೇನೆ. ಮಾತಿನಲ್ಲಿ ಅವು ಸಲೀಸು, ಅಕ್ಷರದಲ್ಲಿ ಯಾವುದನ್ನು ತೋರಿಸುತ್ತಿವೆ ಎಂದೇ ತಿಳಿಯುವುದಿಲ್ಲ. ಪ್ರತಿಯೊಂದರ ಜಾಗಕ್ಕೂ ವಸ್ತುವಿನ ಹೆಸರೇ ಬರಬೇಕು.

ಕನ್ನಡದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ವಾಕ್ಯ ಒಡೆಯುವ ಜಾಗದಲ್ಲಿ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬೇಡಿ’ ಎಂಬುದು ಅದಕ್ಕೂ ಕೊನೆಗೆ. ಹಳೆಯ ಸ್ಕ್ರಿಪ್ಟಿನಲ್ಲಿ ಈ ವಾಕ್ಯವಿತ್ತು: ‘ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಯಾವ ಕಾರಣಕ್ಕೂ ಸುರಿಯಬೇಡಿ.’ ಕಿವಿಗೆ ಸಮವಾಗಿದೆ. ಪರದೆಯ ಮೇಲೆ ಒಂದು ಸಲಕ್ಕೆ ನಿಲ್ಲುವ ಅಕ್ಷರಗಳನ್ನು ಕಾರ್ಡ್ ಎನ್ನುತ್ತೇನೆ. ಉದ್ದವಾಯಿತೆಂದು ಎರಡು ಕಾರ್ಡ್ ಮಾಡಿದರೆ ಮೊದಲ ಕಾರ್ಡಿನಲ್ಲಿ ‘ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ’ ಎಂದಷ್ಟೇ ನಿಲ್ಲುತ್ತದೆ. ಅದು ನೇರವಾಗಿ ತಪ್ಪು ಸೂಚನೆ. ನೋಡುವವರು ಅಲ್ಲಿಗೇ ಬೆರಳಾಡಿಸಿ ಮುಂದೆ ಹೋದರೆ, ಅಥವಾ ಅದೇ ಕ್ಷಣವನ್ನು ಸ್ಕ್ರೀನ್‌ಶಾಟ್ ತೆಗೆದು ತೋಟದ ಕೆಲಸದವರಿಗೆ ಕಳಿಸಿದರೆ, ಉಲ್ಟಾ ಮಾಹಿತಿ ಹೋಗುತ್ತದೆ. ಆದ್ದರಿಂದ ಒಂದು ಕಾರ್ಡ್ ಎಂದರೆ ಮುಗಿದ ಒಂದು ವಾಕ್ಯ. ಹಿಡಿಸದಿದ್ದರೆ ವಾಕ್ಯವನ್ನು ಬದಲಿಸಬೇಕು, ಒಡೆಯಬಾರದು.

ಅದಕ್ಕಿಂತ ಒಳ್ಳೆಯದು, ಬೇಡ ಎಂಬುದನ್ನು ಬಿಟ್ಟು ಏನು ಮಾಡಬೇಕೋ ಅದನ್ನೇ ಬರೆಯುವುದು: ‘ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ.’ ಇಲ್ಲೂ ಒಂದು ತೊಡಕಿದೆ. ಎಲ್ಲ ಅರ್ಥವೂ ‘ನೀರನ್ನು’, ‘ನೀರಿಗೆ’ ಎಂಬ ಪ್ರತ್ಯಯಗಳ ಮೇಲೆ ನಿಂತಿದೆ, ಅವಸರದ ಓದಿನಲ್ಲಿ ಪ್ರತ್ಯಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಈ ಒಂದು ಕಾರ್ಡಿನಲ್ಲಿ ಬಾಣದ ಗುರುತು ಇಟ್ಟೆ. ‘ತುತ್ತ’ ಎಂಬುದು ನೀಲಿ ಪಟ್ಟಿಯ ಮೇಲೆ, ‘ಸುಣ್ಣ’ ಎಂಬುದು ಬಿಳಿ ಪಟ್ಟಿಯ ಮೇಲೆ, ಬಾಣ ಎಡದಿಂದ ಬಲಕ್ಕೆ. ಚಿತ್ರೀಕರಿಸುವಾಗಲೂ ಎಡಗಡೆಯಿಂದಲೇ ಸುರಿಯಬೇಕು. ಬಾಣ ಒಂದು ಕಡೆ, ಸುರಿಯುವ ಕೈ ಇನ್ನೊಂದು ಕಡೆ ಆದರೆ ಕಣ್ಣು ಕೈಯನ್ನೇ ನಂಬುತ್ತದೆ.

ಚಿತ್ರವನ್ನು ನಂಬುವ ಈ ಸ್ವಭಾವದಿಂದಲೇ ಇನ್ನೊಂದು ನಿಯಮ ಬರುತ್ತದೆ: ತಪ್ಪು ವಿಧಾನವನ್ನು ಮಾಡಿ ತೋರಿಸಬಾರದು. ಧ್ವನಿ ಇದ್ದಾಗ ‘ಹೀಗೆ ಮಾಡಬೇಡಿ’ ಎಂಬ ಮಾತು ಚಿತ್ರದ ಜೊತೆಗೇ ಕೇಳಿಸುತ್ತದೆ. ಧ್ವನಿ ಇಲ್ಲದಿದ್ದರೆ ಮೊದಲು ಕಾಣುವುದು ಕೈ ಮಾಡುತ್ತಿರುವ ಕೆಲಸ, ಅಕ್ಷರ ಆಮೇಲೆ. ಹಳೆಯ ವಿಡಿಯೊದಲ್ಲಿ ಸುಣ್ಣವನ್ನು ತುತ್ತಕ್ಕೆ ಸುರಿಯುವ ದೃಶ್ಯವಿತ್ತು, ಅದನ್ನು ತೆಗೆದು ಅದರ ಫಲವನ್ನು ಮಾತ್ರ ಇಟ್ಟೆ. ತಿರುಗುಮುರುಗಾಗಿ ಬೆರೆಸಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಇಳಿಯುತ್ತವೆ, ಸಿಂಪಡಣೆಯ ನಾಝಲ್ ಕಟ್ಟುತ್ತದೆ, ಕೊನೆಗೆ ಮದ್ದು ಸರಿಯಾಗಿ ಅಂಟುವುದಿಲ್ಲ. ಗಾಜಿನ ಬಾಟಲಿಯ ತಳದಲ್ಲಿ ಗಸಿ ಕೂತ ಒಂದು ದೃಶ್ಯ ಇದಕ್ಕೆ ಸಾಕು.

ಎಲ್ಲ ಸೋಸಿದ ಮೇಲೆ ಉಳಿದ ಸ್ಕ್ರಿಪ್ಟ್ ಇದು. ಆವರಣದಲ್ಲಿರುವುದು ಕಾರ್ಡ್ ನಿಲ್ಲುವ ಸೆಕೆಂಡು.

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ಮಾಡುವ ಕ್ರಮ (4)
ಮೈಲುತುತ್ತ 1 ಕಿಲೋ, ನೀರು 50 ಲೀಟರ್ (4)
ಸುಣ್ಣ 1 ಕಿಲೋ, ನೀರು 50 ಲೀಟರ್ (4)
ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ (3)
ತುತ್ತ → ಸುಣ್ಣ. ನಿಧಾನ ಸುರಿಯಿರಿ (6)
ಉಲ್ಟಾ ಸುರಿದರೆ ಮದ್ದು ತಳಕ್ಕೆ ಇಳಿಯುತ್ತದೆ (4)
ಕಬ್ಬಿಣದ ಕತ್ತಿ 1 ನಿಮಿಷ ಅದ್ದಿ (4)
ಕೆಂಪು ಬಂತು: ಸುಣ್ಣದ ನೀರು ಸೇರಿಸಿ | ಕೆಂಪು ಇಲ್ಲ: ಸಿಂಪಡಿಸಬಹುದು (6)
ಮಾಡಿದ ದಿನವೇ ಬಳಸಿ (3)
ಮೊದಲ ಸಿಂಪಡಣೆ: ಮಳೆಗಾಲ ಹಿಡಿಯುವ ಮೊದಲು (4)
ಎರಡನೆಯದು: 40–45 ದಿನದ ನಂತರ (4)
ಕೊನೆಯ ಕಾರ್ಡ್: ಎಲ್ಲ ಅಳತೆ ಒಟ್ಟಿಗೆ (5)

ಒಟ್ಟು 51 ಸೆಕೆಂಡು. ಕಾರ್ಡಿನ ಅವಧಿಗೆ ನನ್ನ ಅಳತೆ ಸರಳ: ಅದನ್ನು ಒಂದು ಸಲ ಬಾಯಿಬಿಟ್ಟು ಓದಲು ಎಷ್ಟು ಹೊತ್ತು ಬೇಕೋ ಅಷ್ಟು. ನಾಲ್ಕೈದು ಪದಕ್ಕೆ ಸಾಮಾನ್ಯವಾಗಿ ಮೂರು ಸೆಕೆಂಡು ಸಾಕು, ಅಳತೆಯ ಅಂಕಿ ಇದ್ದರೆ ಇನ್ನೊಂದು ಸೆಕೆಂಡು. ಇಲ್ಲಿ ಕ್ರಿಯಾಪದದ ಬಾಲ ಕತ್ತರಿಸುವುದರಿಂದ ದೊಡ್ಡ ಉಳಿತಾಯವಾಗುತ್ತದೆ. ‘ಸೇರಿಸಬೇಕಾಗುತ್ತದೆ’ ಎಂಬುದು ‘ಸೇರಿಸಿ’ ಆದರೆ ಸಾಲು ಅರ್ಧಕ್ಕೆ ಇಳಿಯುತ್ತದೆ, ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಬಹುದು.

ಕತ್ತಿಯ ಪರೀಕ್ಷೆಯ ಕಾರ್ಡ್ ಎಲ್ಲಕ್ಕಿಂತ ಕಷ್ಟದ್ದು. ಸುಣ್ಣದ ಗುಣ ಒಂದೇ ಸಮ ಇರುವುದಿಲ್ಲ, ಚಿಪ್ಪಿನ ಸುಣ್ಣಕ್ಕೂ ಪ್ಯಾಕೆಟ್ ಸುಣ್ಣಕ್ಕೂ ವ್ಯತ್ಯಾಸವಿರುತ್ತದೆ. ಹಾಗಾಗಿ ಈ ಹಂತ ಬಿಡುವಂತಿಲ್ಲ. ದ್ರಾವಣದಲ್ಲಿ ತಾಮ್ರ ಕರಗಿ ಉಳಿದಿದ್ದರೆ ಕಬ್ಬಿಣದ ಮೇಲೆ ಕೆಂಪಾಗಿ ಕೂರುತ್ತದೆ. ಮಾತಿನಲ್ಲಿ ‘ಬಂದರೆ’, ‘ಬಾರದಿದ್ದರೆ’ ಎಂದು ಸುಲಭವಾಗಿ ಹೇಳಬಹುದು. ಚಿತ್ರದಲ್ಲಿ ‘ರೆ’ ಇಲ್ಲ. ಕೆಂಪು ಕತ್ತಿಯ ಬೆನ್ನಿಗೇ ಸ್ವಚ್ಛ ಕತ್ತಿ ತೋರಿಸಿದರೆ, ಕೆಂಪಾದ ಕತ್ತಿಯನ್ನು ತೊಳೆದರು ಎಂದು ಓದಿಕೊಳ್ಳುತ್ತಾರೆ. ಪರದೆಯನ್ನು ನಡುವೆ ಸೀಳಿ ಎರಡೂ ಕತ್ತಿಗಳನ್ನು ಒಟ್ಟಿಗೆ ನಿಲ್ಲಿಸಿದರೆ ಮಾತ್ರ ಇದು ಎರಡು ಸಾಧ್ಯತೆ ಎಂದು ಗೊತ್ತಾಗುತ್ತದೆ. ಕೆಂಪು ಕತ್ತಿಗಾಗಿ ದ್ರಾವಣವನ್ನೇ ಕೆಡಿಸಬೇಕಾಗಿಲ್ಲ. ಪ್ಲಾಸ್ಟಿಕ್ ಲೋಟದಲ್ಲಿ ಬರೀ ತುತ್ತದ ನೀರು ಮಾಡಿ, ತಿಕ್ಕಿ ತೊಳೆದ ಕಬ್ಬಿಣದ ಕತ್ತಿ ಅದ್ದಿದರೆ ತಾಮ್ರ ಬಂದು ಕೂರುತ್ತದೆ. ಸ್ಟೀಲ್ ಚಾಕುವಿನಿಂದ ಇದು ಆಗುವುದಿಲ್ಲ.

ಪಾತ್ರೆಯ ಆಯ್ಕೆಯೂ ಸ್ಕ್ರಿಪ್ಟಿನ ಭಾಗವೇ. ನಮ್ಮ ತೋಟಗಳಲ್ಲಿ ಎಲ್ಲೆಡೆ ಇರುವುದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದರೊಳಗೆ ತುತ್ತದ ನೀರಿನ ನೀಲಿ ಕಾಣುವುದಿಲ್ಲ, ಸುಣ್ಣದ ನೀರೂ ನೀಲಿಯಾಗಿ ತೋರುತ್ತದೆ. ಬಿಳಿ ಬಕೆಟ್‌ಗಳಲ್ಲಿ ಮಾಡಿ, ಹೊರಗೆ ದಪ್ಪ ಮಾರ್ಕರಿನಲ್ಲಿ ‘ತುತ್ತ’, ‘ಸುಣ್ಣ’ ಎಂದು ಬರೆದೆವು. ಬಕೆಟ್ ಮೇಲಿನ ಅಕ್ಷರ ಕ್ಯಾಮೆರಾ ಎತ್ತ ತಿರುಗಿದರೂ ಜೊತೆಗೇ ಇರುತ್ತದೆ, ಕಾರ್ಡ್ ಹೋದ ಮೇಲೂ ಉಳಿಯುತ್ತದೆ. ಬಕೆಟ್ಟಿನಲ್ಲಿ ಅಳತೆ ಚಿಕ್ಕದಾಗುವುದರಿಂದ, 100 ಲೀಟರಿನ ಲೆಕ್ಕವನ್ನು ಪರದೆಯ ಮೇಲ್ಭಾಗದ ತೆಳ್ಳನೆಯ ಪಟ್ಟಿಯಲ್ಲಿ ಮೊದಲಿಂದ ಕೊನೆವರೆಗೂ ಇಟ್ಟೆ. ನಡುವೆ ಬಂದು ಸೇರಿದವರಿಗೂ ಅದು ಸಿಗಬೇಕು.

ಇನ್ನು ಕನ್ನಡ ಅಕ್ಷರದ ತೊಂದರೆಗಳು. ಒಂದೊಂದೇ ಅಕ್ಷರ ಟೈಪಾಗುವಂತೆ ಕಾಣಿಸುವ ಅನಿಮೇಶನ್ ಬೇಡ. ‘ದ್ರಾವಣ’ ಎಂಬುದು ಮೊದಲು ‘ದ್’ ಎಂದು ಬಂದು ಆಮೇಲೆ ಒತ್ತು ಸೇರುತ್ತದೆ, ಕಣ್ಣು ಅಲ್ಲೇ ಎಡವುತ್ತದೆ. ಪದ ಪೂರ್ತಿ ಬರಲಿ, ಇಲ್ಲವೇ ಸಾಲು ಪೂರ್ತಿ ಬರಲಿ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರೆ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಬೇರೆಯಾಗಿ ನಿಲ್ಲುತ್ತದೆ. ಎರಡು ಸಾಲಿದ್ದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆದ್ದರಿಂದ ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು. ಅಂಕಿಗಳನ್ನು 1, 2, 3 ಎಂದೇ ಬರೆಯುತ್ತೇನೆ. ಚಿಕ್ಕ ಪರದೆಯಲ್ಲಿ ಮಸುಕಾದಾಗ ೧ ಮತ್ತು ೦ ಒಂದೇ ತರಹ ಕಾಣುತ್ತವೆ, ೧೦೦ ಎಂಬುದು ಏನೆಂದೇ ತಿಳಿಯುವುದಿಲ್ಲ. ತೋಟದ ಹಸಿರು ಬೆಳಕು-ನೆರಳಾಗಿ ಚೂರುಚೂರಾಗಿರುವುದರಿಂದ ಬಿಳಿ ಅಕ್ಷರ ಅದರಲ್ಲಿ ಕಳೆದುಹೋಗುತ್ತದೆ, ಹಿಂದೆ ಕಪ್ಪು ಪಟ್ಟಿ ಬೇಕೇ ಬೇಕು. ನಿಲುವು ವಿಡಿಯೊದಲ್ಲಿ ಕೆಳಗಿನ ಸುಮಾರು ಕಾಲು ಭಾಗ ಮತ್ತು ಬಲ ಅಂಚನ್ನು ಖಾಲಿ ಬಿಡಬೇಕು, ಅಲ್ಲಿ ಆ್ಯಪ್‌ನ ಬಟನ್‌ಗಳು ಕೂರುತ್ತವೆ.

ಪರೀಕ್ಷೆಗೆ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅದು ಕುಗ್ಗಿದ ಮೇಲೆ ಹಳೆಯ ಚಿಕ್ಕ ಫೋನಿನಲ್ಲಿ ನೋಡಬೇಕು. ಒತ್ತಕ್ಷರ ಮಸಿಯಂತೆ ಕಂಡರೆ ಅಕ್ಷರ ದೊಡ್ಡದಾಗಬೇಕು, ಇಲ್ಲವೇ ಪದ ಕಡಿಮೆಯಾಗಬೇಕು. ಆಮೇಲೆ ಚಿತ್ರೀಕರಣಕ್ಕೆ ಬಾರದ ಒಬ್ಬರಿಗೆ ಧ್ವನಿ ಇಲ್ಲದೆ ಒಂದೇ ಸಲ ತೋರಿಸುತ್ತೇನೆ. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ‘ಆಯ್ತು’ ಎನ್ನುತ್ತಾರೆ. ‘ಯಾವುದಕ್ಕೆ ಯಾವುದು ಸುರೀಬೇಕು?’, ‘ಕತ್ತಿ ಕೆಂಪಾದ್ರೆ ಏನು ಹಾಕ್ತ್ರಿ?’ ಎಂದು ಕೇಳಬೇಕು. ಉತ್ತರ ತಡವಾದ ಜಾಗದ ಕಾರ್ಡ್ ಮತ್ತೆ ಬರೆಯಬೇಕಾದದ್ದು. ಕನ್ನಡ ಓದಲು ಬಾರದ ಕೆಲಸದವರೂ ತೋಟಗಳಲ್ಲಿದ್ದಾರೆ, ಅವರಿಗೆ ಯಾವ ಕಾರ್ಡೂ ನೆರವಾಗುವುದಿಲ್ಲ. ಸುರಿಯುವ ದಿಕ್ಕು, ಎರಡು ಕತ್ತಿ, ಬಣ್ಣದ ಪಟ್ಟಿ ಇಷ್ಟೇ ಅವರಿಗೆ ಸಿಗುವುದು, ಆದ್ದರಿಂದ ಕಾರ್ಡ್ ಮುಚ್ಚಿಯೂ ಒಮ್ಮೆ ನೋಡುತ್ತೇನೆ.

ಕೊನೆಯ ಕಾರ್ಡಿನಲ್ಲಿ ಚಲನೆ ಏನೂ ಇರಬಾರದು. ಜನ ಅದನ್ನೇ ಸ್ಕ್ರೀನ್‌ಶಾಟ್ ತೆಗೆಯುವುದು. ತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್, ಜೊತೆಗೆ ‘200 ಲೀಟರ್ ಡ್ರಮ್ಮಿಗೆ ತಲಾ 2 ಕಿಲೋ’. ‘ಒಟ್ಟು’ ಎಂಬ ಪದ ಬಿಟ್ಟರೆ, ಮೊದಲಿನ 50ರ ಜೊತೆ ಇನ್ನೂ 100 ಲೀಟರ್ ಸೇರಿಸಬೇಕೇನೋ ಎಂಬ ಗೊಂದಲ ಬರುತ್ತದೆ.